ಹೆಲ್ಮೆಟ್ ಗಾಜು ಹಾಕಿದ ಮೇಲೆ ಮಗುವಿನ ಮುಖ ಮಂಕಾದರೆ

ಹಾಸನದಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್ ಇದೆ. ಅದಕ್ಕೋ ಏನೋ, ನಮ್ಮ ಕಡೆ ಮಕ್ಕಳಿಗೆ ಗಗನಯಾತ್ರಿ ಹುಚ್ಚು ಮೊದಲಿಂದಲೂ ಸ್ವಲ್ಪ ಜಾಸ್ತಿ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮೇಲಂತೂ ನನ್ನ ಅಂಗಡಿಗೆ ಹುಟ್ಟುಹಬ್ಬದ ಪೋಸ್ಟರ್ ಕೇಳಿಕೊಂಡು ಬರುವವರಲ್ಲಿ ಹಲವರು ಒಂದೇ ಮಾತು ಹೇಳುತ್ತಾರೆ: "ಪಾಪು ಫೋಟೊಗೆ ಆ ಸ್ಪೇಸ್ ಡ್ರೆಸ್ ಹಾಕಿ ಕೊಡಿ. ಗಾಜಲ್ಲಿ ಭೂಮಿ, ರಾಕೆಟ್ ಎಲ್ಲಾ ಕಾಣ್ಬೇಕು. ಮುಖಾನೂ ಕಾಣ್ಬೇಕು."

ಈ ಕೊನೆಯ ಎರಡು ಮಾತುಗಳ ನಡುವೆಯೇ ತೊಂದರೆ ಇರುವುದು.

ಎರಡನೇ ಕ್ಲಾಸಿನ ಒಬ್ಬಳು ಹುಡುಗಿಯ ಪೋಸ್ಟರ್ ಮಾಡಿದ್ದೆ. 12×18 ಶೀಟು, ಬಿಳಿ ಸೂಟು, ಗಾಜಿನ ತುಂಬ ಚಂದ್ರನ ನೆಲದ ಪ್ರತಿಬಿಂಬ. ಪ್ರಿಂಟ್ ನೋಡಿದ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರ್, ಹೆಲ್ಮೆಟ್ ಎಲ್ಲಾ ಸೂಪರಾಗಿದೆ. ಆದ್ರೆ ಇವಳು ನಮ್ಮ ಪಾಪು ಥರ ಕಾಣ್ತಿಲ್ಲ ಅಲ್ವಾ?" ಅಂದರು. ಪಕ್ಕದಲ್ಲಿದ್ದ ಹುಡುಗಿ ಇನ್ನೂ ಸರಿಯಾಗಿ ಹೇಳಿದಳು: "ನನ್ನ ಕಣ್ಣು ಅಜ್ಜಿ ಕಣ್ಣಿನ ಥರ ಆಗಿದೆ." ಅವಳ ಅಜ್ಜಿಗೆ ಪೊರೆ ಬಂದಿತ್ತಂತೆ.

ನಾನು ಎರಡು ದಿನ ಒದ್ದಾಡಿ ಕಂಡುಕೊಂಡ ದೋಷವನ್ನು ಆ ಮಗು ಒಂದೇ ಮಾತಿನಲ್ಲಿ ಹೇಳಿಬಿಟ್ಟಿತ್ತು. ಅದನ್ನು ಹುಡುಕುವ ದಾರಿ ಇಲ್ಲಿದೆ. ನಾನು ಬಳಸುವುದು ಫೋಟೊಶಾಪ್. ಬ್ರೌಸರ್‌ನಲ್ಲಿ ಉಚಿತವಾಗಿ ಸಿಗುವ ಫೋಟೊಪಿಯಾದಲ್ಲೂ ಹೆಚ್ಚುಕಡಿಮೆ ಇದೇ ಹೆಸರುಗಳಿವೆ.

ಮೊದಲು: ಮಂಕೋ, ಮಸುಕೋ?

"ಮುಖ ಸರಿಯಾಗಿ ಕಾಣ್ತಿಲ್ಲ" ಅನ್ನುವ ದೂರಿನ ಹಿಂದೆ ಎರಡು ಬೇರೆ ಬೇರೆ ಕಾಯಿಲೆ ಇರಬಹುದು. ಗಾಜಿಗೆ ಸೇರಿದ ಲೇಯರ್‌ಗಳ ಪಕ್ಕದ ಕಣ್ಣಿನ ಗುರುತನ್ನೆಲ್ಲ ಆಫ್ ಮಾಡಿ. ಈಗ ಮುಖವನ್ನು 100 ಶೇಕಡಾ ಜೂಮ್‌ನಲ್ಲಿ ನೋಡಿ. ರೆಪ್ಪೆಯ ಕೂದಲು, ಹುಬ್ಬಿನ ಗೆರೆ ಚೆನ್ನಾಗಿ ಕಂಡರೆ ಫೋಟೊದಲ್ಲಿ ತಪ್ಪಿಲ್ಲ, ಗಾಜಿನಲ್ಲಿದೆ. ಗಾಜು ತೆಗೆದ ಮೇಲೂ ಮುಖ ಕಲಸಿದ ಹಾಗಿದ್ದರೆ ಮೂಲ ಫೋಟೊನೇ ಚಿಕ್ಕದು.

ಎರಡನೆಯದಕ್ಕೆ ಜಾಸ್ತಿ ಹೇಳುವುದೇನಿಲ್ಲ. 12×18 ಇಂಚಿಗೆ 300 ಡಿಪಿಐ ಅಂದರೆ 3600×5400 ಪಿಕ್ಸೆಲ್. ಅದರಲ್ಲಿ ಮುಖ ಮೂರೂವರೆ ಇಂಚು ಅಗಲ ಬರಬೇಕಾದರೆ ಮೂಲ ಫೋಟೊದಲ್ಲಿ ಮುಖವೊಂದೇ ಸಾವಿರ ಪಿಕ್ಸೆಲ್ ಆಸುಪಾಸು ಇರಬೇಕು. ಅರ್ಧ ಇದ್ದರೂ ನಡೆಯುತ್ತದೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದ, ಇಡೀ ಕುಟುಂಬ ನಿಂತಿರುವ ಮದುವೆ ಮನೆ ಫೋಟೊದಿಂದ ಕತ್ತರಿಸಿದ ಮುಖ ನಡೆಯುವುದಿಲ್ಲ. "ಅದೇ ಫೋಟೊನ ಡಾಕ್ಯುಮೆಂಟ್ ಅಂತ ಕಳಿಸಿ" ಅನ್ನಿ. ಇಲ್ಲವೇ ಹೊಸದಾಗಿ ತೆಗೆಯಿರಿ.

ನಮ್ಮ ಹುಡುಗಿಯ ಫೋಟೊ ಚೆನ್ನಾಗಿತ್ತು. ಗಾಜು ಆಫ್ ಮಾಡಿದ ಕೂಡಲೇ ಅವಳು ಅವಳಾಗಿಯೇ ಕಂಡಳು. ಅಂದರೆ ಕಾಯಿಲೆ ಗಾಜಿನದು.

ಎರಡು ಚುಕ್ಕಿ ಇಟ್ಟು ಅಳೆಯುವುದು

ಕಣ್ಣಿನ ಅಂದಾಜು ಇಲ್ಲಿ ಮೋಸ ಮಾಡುತ್ತದೆ. ಗಂಟೆಗಟ್ಟಲೆ ಅದೇ ಚಿತ್ರ ನೋಡಿದ ಮೇಲೆ ನಿಮಗೆ ಮಗುವಿನ ಮುಖ ಎಷ್ಟು ಮಂಕಾದರೂ ಗುರುತು ಸಿಗುತ್ತದೆ, ತಾಯಿಗೆ ಸಿಗುವುದಿಲ್ಲ. ಹಾಗಾಗಿ ಅಳೆಯಿರಿ. `Color Sampler Tool` ತೆಗೆದುಕೊಂಡು ಕಣ್ಣಿನ ಪಾಪೆಯ ಮೇಲೆ ಒಂದು ಚುಕ್ಕಿ, ಬೆಳಕು ಬಿದ್ದಿರುವ ಕೆನ್ನೆಯ ಮೇಲೆ ಒಂದು ಚುಕ್ಕಿ ಇಡಿ. ಮೇಲಿನ ಪಟ್ಟಿಯಲ್ಲಿ `5 by 5 Average` ಆರಿಸಿ. ಅಂಕಿಗಳು `Info` ಫಲಕದಲ್ಲಿ ಬರುತ್ತವೆ. ಪ್ರತಿ ಚುಕ್ಕಿಗೂ ಮೂರು ಅಂಕಿ ಇರುತ್ತವೆ. ನಾನು ಮಧ್ಯದ `G` ಮಾತ್ರ ನೋಡುತ್ತೇನೆ, ಈ ಕೆಲಸಕ್ಕೆ ಅಷ್ಟು ಸಾಕು. 0 ಅಂದರೆ ಕಪ್ಪು, 255 ಅಂದರೆ ಬಿಳಿ.

ಆ ಪೋಸ್ಟರ್‌ನಲ್ಲಿ ಗಾಜು ಆಫ್ ಮಾಡಿದಾಗ ಪಾಪೆ 28, ಕೆನ್ನೆ 160. ಎರಡರ ನಡುವೆ 132 ಅಂತರ. ಗಾಜು ಹಾಕಿದಾಗ ಪಾಪೆ 108, ಕೆನ್ನೆ 194. ಅಂತರ 86ಕ್ಕೆ ಇಳಿದಿತ್ತು. ಮೂರರಲ್ಲಿ ಒಂದು ಪಾಲು ಹೋಗಿದೆ. ಅದಕ್ಕಿಂತ ಮುಖ್ಯವಾಗಿ ಹೋಗಿದ್ದು ಎಲ್ಲಿ ನೋಡಿ. ಕೆನ್ನೆ 34 ಏರಿದರೆ ಪಾಪೆ 80 ಏರಿದೆ. ಕಪ್ಪಾಗಿರಬೇಕಾದ ಪಾಪೆ ಬೂದಿಯಾಗಿದೆ. ಅಜ್ಜಿ ಕಣ್ಣು ಅಂದರೆ ಇದೇ.

ಹೀಗಾಗುವುದು `Screen` ಅನ್ನುವ ಬ್ಲೆಂಡ್ ಮೋಡ್‌ನ ಗುಣದಿಂದ. ಪ್ರತಿಬಿಂಬದ ಲೇಯರ್‌ಗೆ ನಾವೆಲ್ಲ ಅದನ್ನೇ ಹಾಕುತ್ತೇವೆ, ಹಾಕಬೇಕಾದ್ದೂ ಅದನ್ನೇ. ಅದರ ಲೆಕ್ಕ ಇಷ್ಟು:

```
result = a + p*b*(1 - a/255)
```

`a` ಅಂದರೆ ಕೆಳಗಿರುವ ಮುಖದ ಅಂಕಿ, `b` ಅಂದರೆ ಪ್ರತಿಬಿಂಬದ್ದು, `p` ಅಂದರೆ ಲೇಯರ್‌ನ ಒಪಾಸಿಟಿ. `a` ಚಿಕ್ಕದಿದ್ದಷ್ಟೂ, ಅಂದರೆ ಮುಖದ ಆ ಜಾಗ ಕಪ್ಪಿದ್ದಷ್ಟೂ, ಪ್ರತಿಬಿಂಬ ಅಲ್ಲಿ ಜೋರಾಗಿ ಕೂರುತ್ತದೆ. ಒಂದು ಮುಖವನ್ನು ಇಂಥವರದು ಅಂತ ಗುರುತಿಸುವುದು ಪಾಪೆ, ರೆಪ್ಪೆ, ಹುಬ್ಬು, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆಯಿಂದ. ಅವೆಲ್ಲ ಕಪ್ಪು ಜಾಗಗಳೇ. ಪ್ರತಿಬಿಂಬ ಕೆನ್ನೆಯನ್ನು ಬಿಟ್ಟು ನೇರವಾಗಿ ಇವುಗಳ ಮೇಲೇ ಬೀಳುತ್ತದೆ.

ನನ್ನ ಲೇಯರ್‌ನಲ್ಲಿ ಮುಖದ ಮೇಲೆ ಬಿದ್ದಿದ್ದ ಚಂದ್ರನ ನೆಲದ ಅಂಕಿ 150ರಷ್ಟಿತ್ತು, ಒಪಾಸಿಟಿ 60 ಶೇಕಡಾ, ಅಂದರೆ 0.6. ಗುಣಿಸಿದರೆ 90. ಆ 90ರಿಂದಲೇ ಪಾಪೆ 108ಕ್ಕೆ ಏರಿದ್ದು.

ಒಪಾಸಿಟಿ ಇಳಿಸಿದರೆ ಏನಾಗುತ್ತದೆ

ಎಲ್ಲರೂ ಮೊದಲು ಮಾಡುವುದು ಇದನ್ನೇ, ನಾನೂ ಮಾಡಿದೆ. 60 ಇದ್ದದ್ದನ್ನು 30 ಮಾಡಿದೆ. ಪಾಪೆ 68ಕ್ಕೆ ಇಳಿಯಿತು, ಅಂತರ 109 ಆಯಿತು. ಮುಖ ಪರವಾಗಿಲ್ಲ. ಆದರೆ ಗಾಜೇ ಮಾಯ. ಹೆಲ್ಮೆಟ್ ಒಳಗಿನ ಕತ್ತಲ ಅಂಚಿನಲ್ಲಿ ಪ್ರತಿಬಿಂಬ ಮೊದಲು 103ರಷ್ಟು ಹೊಳೆಯುತ್ತಿತ್ತು, ಈಗ 61. ಗಾಜಿಗೆ ಧೂಳು ಕೂತ ಹಾಗೆ ಕಂಡಿತು. ಮತ್ತೆ ಏರಿಸಿದರೆ ಮುಖ ಮಂಕು. ಆ ಒಂದೇ ಸ್ಲೈಡರ್ ಹಿಡಿದು ಮಧ್ಯರಾತ್ರಿವರೆಗೆ ಆಡಿದ್ದೇನೆ. 40, 45, 38... ಅದರಲ್ಲಿ ಪರಿಹಾರ ಇಲ್ಲವೇ ಇಲ್ಲ. ಒಪಾಸಿಟಿ ಇಡೀ ಗಾಜಿಗೆ ಒಂದೇ ಅಳತೆ ಕೊಡುತ್ತದೆ. ನಿಜವಾದ ಗಾಜು ಹಾಗಿರುವುದಿಲ್ಲ.

ಬಸ್ಸಿನ ಕಿಟಕಿ ಪಕ್ಕ ಕೂತವರಿಗೆಲ್ಲ ಇದು ಗೊತ್ತು. ಹಗಲು ಹೊರಗಿನ ಗದ್ದೆ ಕಾಣುತ್ತದೆ, ನಿಮ್ಮ ಮುಖ ಗಾಜಿನಲ್ಲಿ ಕಾಣುವುದಿಲ್ಲ. ಕತ್ತಲಾಗಿ ಒಳಗೆ ಲೈಟ್ ಹಾಕಿದ ಕೂಡಲೇ ಗದ್ದೆ ಹೋಗಿ ನಿಮ್ಮ ಮುಖ ಬರುತ್ತದೆ. ಗಾಜೇನೂ ಬದಲಾಗಿಲ್ಲ. ಗಾಜಿನಾಚೆ ಬೆಳಕಿದ್ದರೆ ಪ್ರತಿಬಿಂಬ ಸೋಲುತ್ತದೆ, ಕತ್ತಲಿದ್ದರೆ ಗೆಲ್ಲುತ್ತದೆ. ಇನ್ನೊಂದು ವಿಷಯ: ಗಾಜನ್ನು ನೇರವಾಗಿ ನೋಡಿದರೆ ಅದರ ಒಂದು ಮೈ ಸುಮಾರು 4 ಶೇಕಡಾ ಬೆಳಕನ್ನಷ್ಟೇ ವಾಪಸ್ ಕಳಿಸುತ್ತದೆ. ಓರೆಯಾಗಿ ನೋಡಿದಷ್ಟೂ ಅದು ಜಾಸ್ತಿಯಾಗುತ್ತದೆ. ಹೆಲ್ಮೆಟ್ ಗಾಜು ಉಬ್ಬಿಕೊಂಡಿರುತ್ತದೆ. ಮಧ್ಯಭಾಗ ನಮ್ಮ ಕಡೆ ನೇರವಾಗಿದೆ, ಅಂಚುಗಳು ಓರೆಯಾಗಿ ತಿರುಗಿವೆ. ಹಾಗಾಗಿ ಮಧ್ಯದಲ್ಲಿ ತಿಳಿ, ಅಂಚಿನಲ್ಲಿ ಹೊಳಪು.

ನಮ್ಮ ಪುಣ್ಯಕ್ಕೆ ಮುಖ ಇರುವುದು ಮಧ್ಯದಲ್ಲೇ.

ಮಾಸ್ಕ್ ಹಾಕುವುದು

ಪ್ರತಿಬಿಂಬದ ಲೇಯರ್‌ನ ಒಪಾಸಿಟಿಯನ್ನು ಇಳಿಸುವ ಬದಲು 85ಕ್ಕೆ ಏರಿಸಿ. `Layer > Layer Mask > Reveal All` ಕೊಡಿ. ದೊಡ್ಡ, ಮೆತ್ತನೆಯ ಬ್ರಷ್ ತೆಗೆದುಕೊಳ್ಳಿ, `Hardness` 0 ಇರಲಿ, ಬ್ರಷ್‌ನ ಅಗಲ ಮುಖದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಹುಬ್ಬಿನಿಂದ ಗಲ್ಲದವರೆಗಿನ ಭಾಗದ ಮೇಲೆ ಬೂದು ಬಣ್ಣ ಹಚ್ಚಿ.

ಬೂದು ಅಂದೆ, ಕಪ್ಪು ಅಲ್ಲ. ಮಾಸ್ಕ್‌ನಲ್ಲಿ ಪೂರ್ತಿ ಕಪ್ಪು ಹಚ್ಚಿದರೆ ಗಾಜಿನ ಮಧ್ಯೆ ತೂತು ಕೊರೆದ ಹಾಗೆ ಕಾಣುತ್ತದೆ. ಅದು ಇನ್ನೊಂದು ದೂರು: "ಗಾಜು ಒಡೆದು ಹೋದ ಹಾಗಿದೆ." ನಾನು ಹಚ್ಚುವುದು 255ರಲ್ಲಿ 30ರ ಆಸುಪಾಸಿನ ಬೂದು. ಅಂದರೆ ಪ್ರತಿಬಿಂಬದ ಎಂಟರಲ್ಲಿ ಒಂದು ಪಾಲಷ್ಟು ಮುಖದ ಮೇಲೆ ಉಳಿಯುತ್ತದೆ. ಕಿವಿಯ ಹತ್ತಿರ ಬರುವಾಗ ಬೂದು ತಿಳಿಯಾಗುತ್ತ, ಗಾಜಿನ ಅಂಚು ಮುಟ್ಟುವಷ್ಟರಲ್ಲಿ ಪೂರ್ತಿ ಬಿಳಿ ಆಗಿರಬೇಕು. ಈ ಇಳಿಜಾರು ನಿಧಾನವಾಗಿರಲಿ. ಎಲ್ಲಿಂದ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಬರಬಾರದು.

ಈಗ ಚುಕ್ಕಿಗಳನ್ನು ಮತ್ತೆ ನೋಡಿದೆ. ಪಾಪೆ 41, ಕೆನ್ನೆ 166, ಅಂತರ 125. ಮೂಲದಲ್ಲಿ 132 ಇತ್ತಲ್ಲ, ಬಹುಪಾಲು ವಾಪಸ್ ಬಂತು. ಅದೇ ಹೊತ್ತಿಗೆ ಕತ್ತಲ ಅಂಚಿನ ಅಂಕಿ 137. ಮೊದಲಿನ 103ಕ್ಕಿಂತ ಜೋರಾಗಿದೆ. ಮುಖವೂ ತಿಳಿಯಾಯಿತು, ಗಾಜೂ ಮೊದಲಿಗಿಂತ ಹೊಳೆಯಿತು. ಒಂದನ್ನು ಬಿಟ್ಟು ಒಂದನ್ನು ಆರಿಸಬೇಕು ಅಂದುಕೊಂಡಿದ್ದೇ ನನ್ನ ತಪ್ಪಾಗಿತ್ತು. ಅಂತರ ಮೂಲದ 90 ಶೇಕಡಾಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ನಾನೇ ಇಟ್ಟುಕೊಂಡ ಗೆರೆ. ಇದು ಯಾವ ಪುಸ್ತಕದ್ದೂ ಅಲ್ಲ, ತಾಯಂದಿರ ಮುಖ ನೋಡಿ ಕಲಿತಿದ್ದು.

ಮಾಸ್ಕ್ ಹಾಕಿದರೂ ಮಂಕು ಉಳಿದರೆ

ಆಗ ಪ್ರತಿಬಿಂಬಕ್ಕೆ ತೆಗೆದುಕೊಂಡ ಚಿತ್ರವನ್ನೇ ಅನುಮಾನಿಸಬೇಕು. ಅದನ್ನೊಂದನ್ನೇ ತೆರೆದು ಅದರ ಅತಿ ಕಪ್ಪು ಜಾಗದ ಅಂಕಿ ನೋಡಿ. ಅಲ್ಲಿ 0 ಬದಲು 50, 60 ಇದ್ದರೆ ಆ ಚಿತ್ರ ಗಾಜಿನ ಉದ್ದಗಲಕ್ಕೂ ಮಂಜು ಸುರಿಯುತ್ತಿದೆ. ನೀಲಿ ಆಕಾಶ, ಮೋಡ, ನೀಹಾರಿಕೆ ಇರುವ ಚಿತ್ರಗಳಲ್ಲಿ ಇದು ಸಾಮಾನ್ಯ. `Ctrl+L` ಒತ್ತಿ `Levels` ತೆರೆಯಿರಿ. ಎಡಗಡೆಯ ಕಪ್ಪು ತ್ರಿಕೋನವನ್ನು ಒಳಗೆ ತಳ್ಳಿ, ಮಂಕು ಭಾಗವೆಲ್ಲ ಪೂರ್ತಿ ಕಪ್ಪಾಗಲಿ. `Screen`ನಲ್ಲಿ ಕಪ್ಪು ಅಂದರೆ ಏನೂ ಇಲ್ಲ ಅಂತಲೇ ಅರ್ಥ. ಭೂಮಿಯ ಬೆಳ್ಳಗಿನ ಅಂಚು, ರಾಕೆಟ್ಟಿನ ಬೆಂಕಿ, ಸೂರ್ಯನ ಕಿಡಿ ಮಾತ್ರ ಉಳಿಯಬೇಕು. ಪ್ರತಿಬಿಂಬದಲ್ಲಿ ಕಡಿಮೆ ವಸ್ತು ಇದ್ದಷ್ಟೂ ಅದು ಪ್ರತಿಬಿಂಬದ ಹಾಗೆ ಕಾಣುತ್ತದೆ.

ಇನ್ನೊಂದು ಕಾರಣ ಇನ್ನೂ ಸಣ್ಣದು. ಗಾಜಿನ ಮೇಲೆ ಬಾಗಿದ ಬಿಳಿ ಮಿಂಚು ಎಳೆಯುತ್ತೇವಲ್ಲ, ಅದು ಕಣ್ಣಿನ ಮೇಲೆ ಹಾದು ಹೋಗಿರುತ್ತದೆ. ಒಂದು ಕಣ್ಣಿನ ಮೇಲೆ ಹೋದರೂ ಮಗು ಮೆಳ್ಳಗಣ್ಣಿನ ಹಾಗೆ ಕಾಣಬಹುದು. ಮಿಂಚನ್ನು ಹಣೆಯ ಮೂಲೆಗೋ, ಕೆನ್ನೆಯ ಹೊರಗಡೆಗೋ ಸರಿಸಿ. ಮಗು ಕನ್ನಡಕ ಹಾಕಿದ್ದರೆ ಆ ಗಾಜಿನಲ್ಲಿ ಮೊದಲೇ ಒಂದು ಹೊಳಪು ಇರುತ್ತದೆ. ಅದರ ಪಕ್ಕ ಇನ್ನೊಂದು ಇಟ್ಟರೆ ನೋಡುವವರಿಗೆ ತಲೆಕೆಡುತ್ತದೆ.

ಚಿನ್ನದ ಗಾಜು ಬೇಕು ಅಂದರೆ

ಕೆಲವರು ಚಂದ್ರನ ಮೇಲಿನ ಆ ಪ್ರಸಿದ್ಧ ಫೋಟೊ ತೋರಿಸಿ "ಹಿಂಗೇ ಬೇಕು" ಅನ್ನುತ್ತಾರೆ. 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ತೆಗೆದ ಬಜ್ ಆಲ್ಡ್ರಿನ್ ಫೋಟೊ ಅದು. ಗಾಜಿನಲ್ಲಿ ಆರ್ಮ್‌ಸ್ಟ್ರಾಂಗ್, ಅವರು ಇಳಿದ ನೌಕೆ ಎಲ್ಲ ಚೆನ್ನಾಗಿ ಕಾಣುತ್ತದೆ. ಆದರೆ ಆಲ್ಡ್ರಿನ್ ಮುಖ ಕಾಣುವುದಿಲ್ಲ! ಬಿಸಿಲು ತಡೆಯಲು ಆ ಗಾಜಿನ ಮೇಲೆ ತೆಳ್ಳಗೆ ಚಿನ್ನದ ಲೇಪ ಇರುತ್ತದೆ, ಅದು ಕನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಆ ಗಾಜು ಹಾಕಿ ಒಳಗಿನ ಮುಖ ತೋರಿಸಲು ಹೋದರೆ ಮುಖ ಅರಿಶಿನ ಹಚ್ಚಿದ ಹಾಗೆ ಹಳದಿಯಾಗುತ್ತದೆ, ಇಲ್ಲವೇ ಚಿನ್ನದ ಹೊಳಪು ಸಾಯುತ್ತದೆ.

ಇದಕ್ಕೆ ದಾರಿ ನಿಜವಾದ ಹೆಲ್ಮೆಟ್‌ನಲ್ಲೇ ಇದೆ. ಚಿನ್ನದ ಗಾಜು ಹೊರಗಿನ ಪದರ, ಅದನ್ನು ಮೇಲಕ್ಕೆ ಸರಿಸಬಹುದು. ಒಳಗೆ ಬೇರೆಯೇ ತಿಳಿ ಗುಮ್ಮಟ ಇರುತ್ತದೆ. ಹಾಗಾಗಿ ಪೋಸ್ಟರ್‌ನಲ್ಲಿ ಚಿನ್ನದ ಗಾಜನ್ನು ಹಣೆಯ ಮೇಲಕ್ಕೆ ಎತ್ತಿಬಿಡಿ. ಆ ಪಟ್ಟಿಯಲ್ಲಿ ಭೂಮಿ, ರಾಕೆಟ್ ಏನು ಬೇಕೋ ತುಂಬಿ, 100 ಶೇಕಡಾ ಒಪಾಸಿಟಿಯಲ್ಲಿ ಇಡಿ, ಮಾಸ್ಕ್ ಗೊಡವೆ ಇಲ್ಲ. ಕೆಳಗಿನ ತಿಳಿ ಗಾಜಿನಲ್ಲಿ ಅಂಚಿಗೆ ಒಂದೆರಡು ಮಿಂಚು ಸಾಕು. ನನಗೆ ಈಗ ಇದೇ ಇಷ್ಟ. ಚಿನ್ನದ ಪಟ್ಟಿ ಮದುವೆಯ ಬಾಸಿಂಗದ ಹಾಗೆ ಮುಖವನ್ನು ಎತ್ತಿ ತೋರಿಸುತ್ತದೆ.

ಪ್ರತಿಬಿಂಬ ಸುಳ್ಳು ಅನ್ನಿಸಿದರೆ

ಮುಖ ತಿಳಿಯಾಗಿದೆ, ಗಾಜು ಹೊಳೆಯುತ್ತಿದೆ, ಆದರೂ ಏನೋ ಸರಿಯಿಲ್ಲ ಅನ್ನುತ್ತಾರೆ ನೋಡಿದವರು. ಮೊದಲು ನೋಡಬೇಕಾದ್ದು: ಗಾಜಿನಲ್ಲಿ ಕಾಣುತ್ತಿರುವುದು ಮಗುವಿನ ಹಿಂದಿರುವ ವಸ್ತುವೋ, ಮುಂದಿರುವುದೋ? ಪೋಸ್ಟರ್‌ನ ಹಿನ್ನೆಲೆಯಲ್ಲಿರುವ ಚಂದ್ರನನ್ನೇ ಕಾಪಿ ಮಾಡಿ ಗಾಜಿಗೆ ಹಾಕುವುದು ತುಂಬಾ ಜನ ಮಾಡುವ ತಪ್ಪು. ಗಾಜು ತೋರಿಸುವುದು ಮಗು ನೋಡುತ್ತಿರುವುದನ್ನು, ಅಂದರೆ ಕ್ಯಾಮೆರಾ ಕಡೆಯ ಜಗತ್ತನ್ನು. ಆಲ್ಡ್ರಿನ್ ಗಾಜಿನಲ್ಲಿ ಫೋಟೊ ತೆಗೆದವರೇ ಕಂಡದ್ದು ಅದಕ್ಕೇ. ಹಿಂದೆ ಚಂದ್ರ ಇದ್ದರೆ ಗಾಜಿನಲ್ಲಿ ಭೂಮಿ ಇಡಿ. ಒಂದು ಪೋಸ್ಟರ್‌ನಲ್ಲಿ ಗಾಜಿನ ಮೂಲೆಗೆ ಅಪ್ಪ ಅಮ್ಮ ನಿಂತು ಕೈಬೀಸುವ ಪುಟ್ಟ ನೆರಳು ಇಟ್ಟಿದ್ದೆ. ಅದನ್ನು ಕಂಡುಹಿಡಿಯಲು ಮಗುವಿಗೆ ಒಂದು ವಾರ ಹಿಡಿಯಿತಂತೆ.

ಉಬ್ಬು ಗಾಜಿನಲ್ಲಿ ವಸ್ತುಗಳು ಚಿಕ್ಕದಾಗಿ, ಅಂಚಿನ ಕಡೆ ಹೋದಷ್ಟೂ ಬಾಗಿ ಕಾಣಬೇಕು. ಸ್ಟೀಲ್ ಚಮಚದ ಬೆನ್ನು ನೋಡಿದರೆ ತಿಳಿಯುತ್ತದೆ. ಚಪ್ಪಟೆ ಚಿತ್ರವನ್ನು ಹಾಗೇ ಅಂಟಿಸಿದರೆ ಗಾಜಿಗೆ ಸ್ಟಿಕ್ಕರ್ ಹಚ್ಚಿದ ಹಾಗಿರುತ್ತದೆ. `Filter > Distort > Spherize` ಒಮ್ಮೆ ಓಡಿಸಿ, ಸಾಲದಿದ್ದರೆ `Warp`ನಲ್ಲಿ ಮೂಲೆಗಳನ್ನು ಎಳೆಯಿರಿ.

ಬೆಳಕಿನ ದಿಕ್ಕನ್ನು ಮೂಗಿನ ನೆರಳು ನೋಡಿ ತಿಳಿಯಬಹುದು. ನೆರಳು ಮೂಗಿನ ಬಲಕ್ಕೆ ಬಿದ್ದಿದ್ದರೆ ಬೆಳಕು ಎಡದಿಂದ ಬಂದಿದೆ, ಗಾಜಿನ ದೊಡ್ಡ ಮಿಂಚೂ ಎಡಕ್ಕಿರಬೇಕು. ಹೊಂದದಿದ್ದರೆ ಹೆಲ್ಮೆಟ್ಟನ್ನು ಅಡ್ಡ ತಿರುಗಿಸಿ, ಮಗುವನ್ನಲ್ಲ. ಬೈತಲೆ ಆ ಕಡೆಯದು ಈ ಕಡೆ ಆದರೆ, ಕೆನ್ನೆಯ ಮಚ್ಚೆ ಜಾಗ ಬದಲಿಸಿದರೆ, ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಹೆಲ್ಮೆಟ್ ತಿರುಗಿಸಿದ ಮೇಲೆ ಅದರ ಮೇಲಿನ ಹೆಸರು, ಬಾವುಟ ಉಲ್ಟಾ ಆಗಿರುತ್ತದೆ. ಅದನ್ನು ಬೇರೆ ಮಾಡಿ ಸರಿಪಡಿಸಿ.

ಮುಖ ಗಾಜಿನ ಒಳಗಿರುವ ಬದಲು ಹೊರಗೆ ತೇಲುತ್ತಿದ್ದರೆ ಲೇಯರ್ ಕ್ರಮ ತಪ್ಪಿದೆ. ಕೆಳಗಿಂದ ಮೇಲೆ: ಹೆಲ್ಮೆಟ್‌ನ ಒಳಗೋಡೆ, ಮುಖ, ನೆರಳು, ಪ್ರತಿಬಿಂಬ, ಕೊನೆಗೆ ಹೆಲ್ಮೆಟ್‌ನ ಮುಂದಿನ ಬಳೆ. ಈ ನೆರಳಿನ ಲೇಯರನ್ನು ಮರೆಯುವವರೇ ಜಾಸ್ತಿ. `Multiply` ಮೋಡ್‌ನಲ್ಲಿ ಹಣೆಯ ಮೇಲ್ಭಾಗಕ್ಕೆ, ಕಿವಿಯ ಕಡೆಗೆ ತೆಳ್ಳಗೆ ಕಪ್ಪು ಹಚ್ಚಿದರೆ ತಲೆ ಹೆಲ್ಮೆಟ್ ಒಳಗೆ ಹೋಗಿ ಕೂರುತ್ತದೆ. ಕೂದಲು ಕತ್ತರಿಸಿದ ಅಂಚು ಗರಗಸದ ಹಾಗಿದ್ದರೆ ಅದಕ್ಕೂ ನಿಜವಾದ ಸೂಟಿನಲ್ಲೇ ಮದ್ದಿದೆ. ಗಗನಯಾತ್ರಿಗಳು ಒಳಗೆ ಮೈಕ್ ಇರುವ ಬಟ್ಟೆ ಟೋಪಿ ಹಾಕುತ್ತಾರೆ, ಸ್ನೂಪಿ ಕ್ಯಾಪ್ ಅನ್ನುತ್ತಾರೆ ಅದಕ್ಕೆ. ಕೂದಲು, ಕಿವಿ ಎರಡನ್ನೂ ಮುಚ್ಚುತ್ತದೆ. ಜಡೆಗೆ ಹೂ ಮುಡಿದ ಫೋಟೊ ಕೊಟ್ಟಾಗಲೆಲ್ಲ ನನ್ನನ್ನು ಕಾಪಾಡಿದ್ದು ಈ ಟೋಪಿಯೇ.

ಸ್ಕ್ರೀನಲ್ಲಿ ಸರಿ, ಪ್ರಿಂಟಲ್ಲಿ ಮಂಕು

ಪ್ರಿಂಟಿಗೆ ಕೊಡುವ ಮುಂಚೆ ಮುಖದ ಭಾಗ ಮಾತ್ರ ಕತ್ತರಿಸಿ, ಅದೇ ಅಳತೆಯಲ್ಲಿ ಒಂದು ಎ4 ಹಾಳೆಗೆ ತೆಗೆಸಿ. ಮಾನಿಟರ್‌ಗಿಂತ ಕಾಗದ ಯಾವಾಗಲೂ ಒಂದು ಮಟ್ಟ ಕತ್ತಲು. ಹೆಲ್ಮೆಟ್ ಒಳಗಿನ ನೆರಳು ಗಲ್ಲವನ್ನು ನುಂಗಿದ್ದರೆ ಆ ಹಾಳೆಯಲ್ಲಿ ಗೊತ್ತಾಗುತ್ತದೆ. ನೆರಳಿನ ಲೇಯರ್ ಸ್ವಲ್ಪ ತಿಳಿ ಮಾಡಿದರೆ ಸಾಕು, ಮುಖವನ್ನು ಮುಟ್ಟಬೇಡಿ.

ಆ ಹುಡುಗಿಯ ಪೋಸ್ಟರನ್ನು ಎರಡನೇ ಸಲ ತೆಗೆಸಿದಾಗ ಎಲ್ಲ ಸರಿಯಿತ್ತು. ನಾಲ್ಕು ದಿನ ಬಿಟ್ಟು ತಾಯಿ ಫೋನ್ ಮಾಡಿ, "ಸರ್, ರಾತ್ರಿ ಹೊತ್ತು ಮತ್ತೆ ಮುಖ ಕಾಣ್ತಿಲ್ಲ" ಅಂದರು. ಹೋಗಿ ನೋಡಿದೆ. ಪೋಸ್ಟರ್‌ಗೆ ಗ್ಲಾಸಿ ಲ್ಯಾಮಿನೇಷನ್ ಹಾಕಿದ್ದೆ, ಅವರು ಅದನ್ನು ಟ್ಯೂಬ್‌ಲೈಟ್ ಎದುರಿನ ಗೋಡೆಗೆ ಹಚ್ಚಿದ್ದರು. ಟ್ಯೂಬ್‌ಲೈಟ್ ಸರಿಯಾಗಿ ಅವಳ ಕಣ್ಣಿನ ಮೇಲೆ ಉದ್ದಕ್ಕೆ ಹೊಳೆಯುತ್ತಿತ್ತು. ಪೋಸ್ಟರನ್ನು ಪಕ್ಕದ ಗೋಡೆಗೆ ಬದಲಾಯಿಸಿ ಬಂದೆ. ಈಗ ಗಗನಯಾತ್ರಿ ಪೋಸ್ಟರ್‌ಗೆಲ್ಲ ಮ್ಯಾಟ್ ಲ್ಯಾಮಿನೇಷನ್ನೇ ಹಾಕುತ್ತೇನೆ.